ಲಿಲ್ಲಿ ತಿಂದ ಬೆಕ್ಕಿನ ವಾಂತಿ ನಿಂತ್ರೆ ಸರಿಹೋಯ್ತು ಅಂದ್ಕೋಬೇಡಿ

"ಡಾಕ್ಟ್ರೇ, ಮೊನ್ನೆ ರಾತ್ರಿ ಎರಡು ಸಲ ವಾಂತಿ ಮಾಡ್ತು, ಆಮೇಲೆ ಮಾಡ್ಲಿಲ್ಲ, ಸರಿಹೋಯ್ತು ಅಂದ್ಕೊಂಡ್ವಿ." ಬೆಕ್ಕು ಲಿಲ್ಲಿ ಹೂಗಿಡ ತಿಂದ ಕೇಸಲ್ಲಿ ನಂಗೆ ಭಯ ಹುಟ್ಟಿಸೋ ಮಾತು ಇದೇ. ಯಾಕಂದ್ರೆ ವಾಂತಿ ನಿಂತ ಮೇಲೇನೇ ಕಿಡ್ನಿ ಕಥೆ ಶುರುವಾಗೋದು.

ಈ ಮಾತು ಹೇಳಿದವರ ಮನೇಲಿ ಆಗಿದ್ದು ಹೀಗೆ. ಬರ್ತ್‌ಡೇಗೆ ಬೊಕೆ ಬಂದಿತ್ತು, ಅದ್ರಲ್ಲಿ ದೊಡ್ಡ ಗುಲಾಬಿ ಬಣ್ಣದ ಸ್ಟಾರ್‌ಗೇಜರ್ ಲಿಲ್ಲಿ. ರಾತ್ರಿ ಎಂಟರ ಹೊತ್ತಿಗೆ ನಾಲ್ಕು ಕೆಜಿ ತೂಕದ ಗಂಡು ಬೆಕ್ಕು ಎಲೆ ಕಚ್ಚಿ ಜಗೀತಿತ್ತು, ಓಡಿಸಿದ್ರು. ಹತ್ತಕ್ಕೆ ಒಂದು ವಾಂತಿ, ಮಧ್ಯರಾತ್ರಿ ಇನ್ನೊಂದು, ಎಲೆ ಚೂರೂ ಬಂತಂತೆ. ಬೆಳಗ್ಗೆ ವಾಂತಿ ಇಲ್ಲ ಆದ್ರೆ ಊಟ ಮುಟ್ಟಿಲ್ಲ, ಮಂಚದ ಕೆಳಗೆ ಮಲಗಿತ್ತು. ಮಧ್ಯಾಹ್ನದ ಮೇಲೆ ನೀರು ಜಾಸ್ತಿ ಕುಡೀತು, ಲಿಟ್ಟರ್ ಬಾಕ್ಸಲ್ಲಿ ಮೂತ್ರದ ಉಂಡೆಗಳು ಮಾಮೂಲಿಗಿಂತ ದೊಡ್ಡದಾಗಿದ್ವು, ಅದನ್ನ ನೋಡಿ ಮನೆಯವರು "ನೀರು ಕುಡೀತಿದೆ, ಒಳ್ಳೇದೇ" ಅಂತ ಸುಮ್ನಾದ್ರು. ನಂ ಹತ್ರ ಬಂದಿದ್ದು ಅದ್ರ ಮಾರನೇ ದಿನ ಸಂಜೆ, ಅಂದ್ರೆ ತಿಂದು ಸುಮಾರು 46 ಗಂಟೆ ಆದ್ಮೇಲೆ. ಕಿಡ್ನಿ ರಕ್ತದಿಂದ ಹೊರಗೆ ಹಾಕ್ಬೇಕಾದ ಕ್ರಿಯಾಟಿನಿನ್ 7.2ಕ್ಕೆ ಏರಿದೆ, ಪೊಟ್ಯಾಶಿಯಂ ಏರಿದೆ, ಬ್ಲ್ಯಾಡರ್ ಮುಟ್ಟಿ ನೋಡಿದ್ರೆ ಹೆಚ್ಚುಕಮ್ಮಿ ಖಾಲಿ, ಅಂದ್ರೆ ಮೂತ್ರವೇ ಆಗ್ತಿಲ್ಲ.

ಒಳಗೆ ಏನಾಯ್ತು ಅಂದ್ರೆ, ಲಿಲ್ಲಿಯ ವಿಷ ನೀರಲ್ಲಿ ಕರಗೋ ಅಂಥದ್ದು, ಅದು ನಿಖರವಾಗಿ ಯಾವ ರಾಸಾಯನಿಕ ಅಂತ ಇನ್ನೂ ಪತ್ತೆಯಾಗಿಲ್ಲ, ಆದ್ರೆ ಬೆಕ್ಕಿನ ಕಿಡ್ನಿಯ ಸಣ್ಣ ನಳಿಕೆಗಳ ಒಳಗೋಡೆಯ ಜೀವಕೋಶಗಳನ್ನ ಸಾಯಿಸುತ್ತೆ ಅಂತ ಚೆನ್ನಾಗಿ ಗೊತ್ತು. ಮೊದ್ಲ ವಾಂತಿ ಹೊಟ್ಟೆ ಕೆಟ್ಟಿದ್ರಿಂದ, ಅದು ಅರ್ಧ ದಿನದೊಳಗೆ ತಾನಾಗೇ ನಿಲ್ಲುತ್ತೆ. 12ರಿಂದ 30 ಗಂಟೆ ಒಳಗೆ ಮೂತ್ರ ಜಾಸ್ತಿ ಹೋಗಿ ಮೈಯಲ್ಲಿ ನೀರಿನ ಅಂಶ ಇಳಿಯುತ್ತೆ, ಹಾನಿಯಾಗಿರೋ ಕಿಡ್ನಿಗೆ ಈ ಡಿಹೈಡ್ರೇಷನ್ ಇನ್ನೊಂದು ಪೆಟ್ಟು. 24ರಿಂದ 72 ಗಂಟೆ ಒಳಗೆ ಕಿಡ್ನಿ ಪೂರ್ತಿ ಫೇಲ್ ಆಗಿ ಮೂತ್ರ ನಿಲ್ಲಬಹುದು. ಆ ಬೆಕ್ಕಿಗೆ ಮೂತ್ರ ತರಿಸೋಕೆ ಏನು ಕೊಟ್ರೂ ಬರ್ಲಿಲ್ಲ. ಇಂಥ ಹಂತದಲ್ಲಿ ಉಳಿಯೋ ದಾರಿ ಡಯಾಲಿಸಿಸ್ ಒಂದೇ. ನಳಿಕೆಯ ಹೊರಪದರ ಉಳಿದಿದ್ರೆ ಹೊಸ ಜೀವಕೋಶ ಬೆಳೆಯುತ್ತೆ, ಆದ್ರೆ ಅದಕ್ಕೆ ವಾರಗಟ್ಟಲೆ ಬೇಕು, ಅಲ್ಲಿವರೆಗೆ ರಕ್ತ ಶುದ್ಧ ಮಾಡೋರ್ಯಾರು? ಬೆಕ್ಕಿಗೆ ಡಯಾಲಿಸಿಸ್ ಸಿಗೋ ಜಾಗ ತುಂಬಾ ಕಮ್ಮಿ. ಅದು ಉಳೀಲಿಲ್ಲ.

ಅದೇ ಬೆಕ್ಕು ರಾತ್ರಿ ಒಂಬತ್ತಕ್ಕೇ ಬಂದಿದ್ರೆ? ಜೈಲಜೀನ್ ಅಥ್ವಾ ಡೆಕ್ಸ್‌ಮೆಡಿಟೊಮಿಡೀನ್ ಇಂಜೆಕ್ಷನ್ ಕೊಟ್ರೆ ಬಹಳಷ್ಟು ಬೆಕ್ಕುಗಳು ಸ್ವಲ್ಪ ಹೊತ್ತಲ್ಲೇ ವಾಂತಿ ಮಾಡ್ತವೆ, ಎಲೆ ಚೂರು ಹೊರಗೆ ಬರುತ್ತೆ. ಇಂಜೆಕ್ಷನ್ನಿನ ಮಂಪರು ಇಳಿದು ವಾಂತಿ ನಿಂತ ಮೇಲೆ ಹೊಟ್ಟೇಲಿ ಉಳಿದ ವಿಷ ಹೀರೋ ಆಕ್ಟಿವೇಟೆಡ್ ಚಾರ್ಕೋಲ್, ಕೆಜಿಗೆ 1ರಿಂದ 2 ಗ್ರಾಂ. ಆಮೇಲೆ ಡ್ರಿಪ್, ಮಾಮೂಲಿ ಪ್ರಮಾಣದ ಹೆಚ್ಚುಕಮ್ಮಿ ಎರಡರಷ್ಟು, 48ರಿಂದ 72 ಗಂಟೆ, ಹಾರ್ಟ್ ತೊಂದ್ರೆ ಇರೋ ಬೆಕ್ಕಿಗೆ ಮಾತ್ರ ಹುಷಾರಾಗಿ. ವಾಂತಿ ಮಾಡ್ಸೋದು ಕೆಲ್ಸಕ್ಕೆ ಬರೋದು ಮೊದ್ಲ ಒಂದೆರಡು ಗಂಟೆ, ವಿಷ ಬೇಗ ರಕ್ತಕ್ಕೆ ಸೇರಿಬಿಡುತ್ತೆ. ತಾನಾಗೇ ಒಂದ್ಸಲ ವಾಂತಿ ಆಯ್ತು ಅಂದ್ರೆ ಹೊಟ್ಟೆ ಖಾಲಿಯಾಯ್ತು ಅಂತಲ್ಲ. ಡ್ರಿಪ್‌ಗೆ ಸ್ವಲ್ಪ ಜಾಸ್ತಿ ಸಮಯ ಇದೆ, ಆದ್ರೆ 18 ಗಂಟೆ ದಾಟಿದ್ರೆ ಫಲಿತಾಂಶ ಬಹಳ ಕೆಡುತ್ತೆ.

ಇನ್ನೊಂದು ಗೊಂದಲ, ತಿಂದ ದಿನ ರಕ್ತ ಪರೀಕ್ಷೆ ನಾರ್ಮಲ್ ಬಂತು ಅಂತ ಬೆಕ್ಕನ್ನ ವಾಪಸ್ ಕರ್ಕೊಂಡು ಹೋಗೋದು. ಕಿಡ್ನಿಯ ಸುಮಾರು ಮುಕ್ಕಾಲು ಭಾಗದ ಕೆಲ್ಸ ಹೋಗೋವರೆಗೂ ಕ್ರಿಯಾಟಿನಿನ್ ಹೆಚ್ಚು ಅಲುಗಾಡಲ್ಲ. ಮೂತ್ರದಲ್ಲಿ ಸತ್ತ ಜೀವಕೋಶ ಸೇರಿ ಆದ ನಳಿಕೆಯ ಆಕಾರದ ಅಚ್ಚುಗಳು ಅಂದ್ರೆ ಕ್ಯಾಸ್ಟ್‌ಗಳು, ರಕ್ತದ ಸಕ್ಕರೆ ಸರಿ ಇದ್ರೂ ಮೂತ್ರದಲ್ಲಿ ಸಕ್ಕರೆ, ಇವು ಅದಕ್ಕಿಂತ ಮೊದ್ಲೇ ಸುಳಿವು ಕೊಡಬಹುದು. ಹಾಗಾಗಿ ನಾನು ರಿಪೋರ್ಟ್ ನೋಡ್ಕೊಂಡು ಚಿಕಿತ್ಸೆ ಶುರುಮಾಡಲ್ಲ, ಲಿಲ್ಲಿ ಮುಟ್ಟಿತ್ತು ಅಂದ್ರೆ ಸಾಕು.

ಮುಟ್ಟಿತ್ತು ಅಂದ್ರೆ ಪರಾಗ ಮೈಗೆ ಬಿದ್ದಿದ್ರೂ ಸೇರಿ, ನೆಕ್ಕಿದ್ರೆ ಅಷ್ಟೇ ಸಾಕು, ಹೂದಾನಿ ನೀರು ಕುಡಿದ್ರೂ ಅಷ್ಟೇ. ಪರಾಗ ಬಿದ್ದಿದ್ರೆ ಒದ್ದೆ ಬಟ್ಟೇಲಿ ಒರೆಸಿ, ನೆಕ್ಕದ ಹಾಗೆ ಟವಲಲ್ಲಿ ಸುತ್ಕೊಂಡು ಹೊರಡಿ. ಮನೇಲಿ ಉಪ್ಪುನೀರು, ಹೈಡ್ರೋಜನ್ ಪೆರಾಕ್ಸೈಡ್ ಕುಡಿಸ್ಬೇಡಿ, ಪೆರಾಕ್ಸೈಡಿಂದ ಬೆಕ್ಕಿನ ಹೊಟ್ಟೆ ಒಳಗೋಡೆ ಸುಟ್ಟು ರಕ್ತ ಬರಬಹುದು. ಹಾಲಿಂದ ಏನೂ ಉಪಯೋಗ ಇಲ್ಲ.

ಗಿಡದ ಫೋಟೋ ತೆಗೆದು ತನ್ನಿ. ಏಷ್ಯಾಟಿಕ್, ಓರಿಯೆಂಟಲ್, ಈಸ್ಟರ್, ಟೈಗರ್ ಲಿಲ್ಲಿ, ತೋಟದ ಡೇಲಿಲ್ಲಿ, ಇವೆಲ್ಲ ಕಿಡ್ನಿ ತಿನ್ನೋವೇ. ಪೀಸ್ ಲಿಲ್ಲಿ, ಕ್ಯಾಲಾ ಲಿಲ್ಲಿ ಬಾಯಿ ಉರಿಸಿ ಜೊಲ್ಲು ಸುರಿಸ್ತವೆ, ಕಿಡ್ನಿಗೆ ಹೋಗಲ್ಲ, ಅದು ಗೊತ್ತಾದ್ರೆ ಮೂರು ದಿನದ ಡ್ರಿಪ್ ಉಳಿಯುತ್ತೆ.