ಮಗಳ ತೂಕ ಒಂದೇ ವರ್ಷದಲ್ಲಿ ಆರು ಕಿಲೋ ಏರಿದೆ, ಊಟ ಕಡಿಮೆ ಮಾಡಿಸಬೇಕಾ?

ಕುಮಟಾದ ಓದುಗರೊಬ್ಬರು ಕೇಳಿದ್ದಾರೆ: “ಮಗಳಿಗೆ 13 ತುಂಬಿದೆ, ಎಂಟನೇ ಕ್ಲಾಸು. ಹೋದ ವರ್ಷ 42 ಕಿಲೋ ಇದ್ದಳು, ಈಗ 48. ಮದುವೆಮನೆಯಲ್ಲಿ ಯಾರೋ ‘ದಪ್ಪ ಆದೆಯಲ್ಲೇ’ ಅಂದರು. ಅವತ್ತಿನಿಂದ ರಾತ್ರಿ ಅನ್ನ ಬಿಟ್ಟಿದ್ದಾಳೆ. ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡು ದಿನಕ್ಕೆ 1200 ಕ್ಯಾಲೊರಿ ಅಂತ ಲೆಕ್ಕ ಇಡುತ್ತಾಳೆ. ತೂಕ ಇಳಿದರೆ ಒಳ್ಳೆಯದೇ ಅಲ್ವಾ ಅಂತ ನಾನೂ ಸುಮ್ಮನಿದ್ದೇನೆ. ಸರಿಯಾ?”

ಸರಿ ಅಲ್ಲ. ಆದರೆ ಬೈಯುವ ಮೊದಲು ಇನ್ನೊಂದು ಅಳತೆ ಬೇಕು. ಎತ್ತರ ಎಷ್ಟು ಅಂತ ನಾನು ತಿರುಗಿ ಕೇಳಿದೆ. ಹೋದ ವರ್ಷ 147 ಸೆಂಟಿಮೀಟರ್, ಈಗ 154. ಅಂದರೆ ಹುಡುಗಿ ವರ್ಷದಲ್ಲಿ ಏಳು ಸೆಂಟಿಮೀಟರ್ ಉದ್ದ ಆಗಿದ್ದಾಳೆ! ಮೂಳೆ, ಸ್ನಾಯು, ರಕ್ತ ಎಲ್ಲವೂ ಬೆಳೆದಿವೆ, ಜೊತೆಗೆ ಮುಟ್ಟು ಶುರುವಾಗುವ ಹೊತ್ತಿಗೆ ಸೊಂಟ, ತೊಡೆಗಳಲ್ಲಿ ಸ್ವಲ್ಪ ಕೊಬ್ಬು ಸೇರುವುದು ಹೆಣ್ಣುಮಕ್ಕಳ ದೇಹದ ಸಹಜ ಕ್ರಮ, ಅದು ರೋಗ ಅಲ್ಲ. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಬಿಎಂಐ ಆಗ 19.4 ಇತ್ತು, ಈಗ 20.2. ಇದನ್ನು ದೊಡ್ಡವರ ಪಟ್ಟಿಯಲ್ಲಿ ನೋಡಬೇಡಿ. ಮಕ್ಕಳ ಡಾಕ್ಟರ ಬಳಿ ವಯಸ್ಸಿಗೆ ತಕ್ಕ ಬೆಳವಣಿಗೆಯ ಚಾರ್ಟ್ ಇರುತ್ತದೆ. ಅದರಲ್ಲಿ ಈ ಹುಡುಗಿ ಅಧಿಕ ತೂಕದ ಗೆರೆಯ ಕೆಳಗೇ ಇದ್ದಾಳೆ.

ಇನ್ನು ಆ 1200. ಈ ವಯಸ್ಸಿನ ಹುಡುಗಿಗೆ ದಿನಕ್ಕೆ ಸುಮಾರು 2400 ಕ್ಯಾಲೊರಿ ಬೇಕು ಅನ್ನುತ್ತದೆ ಐಸಿಎಂಆರ್ ಲೆಕ್ಕ. ಅವಳು ಅರ್ಧದಲ್ಲಿ ದಿನ ದೂಡುತ್ತಿದ್ದಾಳೆ. ಮುಟ್ಟು ಶುರುವಾದ ಮೇಲೂ ಸಾಮಾನ್ಯವಾಗಿ ಐದಾರು ಸೆಂಟಿಮೀಟರ್ ಬೆಳೆಯುವುದು ಬಾಕಿ ಇರುತ್ತದೆ, ಮೂಳೆ ಗಟ್ಟಿಯಾಗುವುದೂ ಈ ವರ್ಷಗಳಲ್ಲೇ ಜಾಸ್ತಿ. ಊಟ ಅರ್ಧ ಮಾಡಿದರೆ ಬರೀ ಕೊಬ್ಬು ಕರಗಿ ಉಳಿದದ್ದೆಲ್ಲ ನೆಟ್ಟಗೆ ಬೆಳೆಯುತ್ತದೆ ಅಂದುಕೊಳ್ಳಬೇಡಿ.

ಅವಳ ಒಂದು ದಿನವನ್ನು ಬರೆದು ಕಳಿಸಿ ಅಂದೆ. ಬಂದ ಪಟ್ಟಿ ನೋಡಿ ನಗು ಬಂತು, ಯಾಕೆಂದರೆ ನಮ್ಮ ಕಡೆ ಬಸ್ಸಿನಲ್ಲಿ ಶಾಲೆಗೆ ಹೋಗುವ ಎಷ್ಟೋ ಮಕ್ಕಳದ್ದು ಇದೇ ಕಥೆ. ಬೆಳಿಗ್ಗೆ ಬಸ್ಸು ತಪ್ಪುತ್ತದೆ ಅಂತ ಅರ್ಧ ದೋಸೆ. ಮಧ್ಯಾಹ್ನದ ಡಬ್ಬಿ ಅರ್ಧ ವಾಪಸ್. ಸಂಜೆ ಐದೂವರೆಗೆ ಹಸಿದು ಬಂದು ಬೇಕರಿ ಪಫ್, ಬಾಟಲಿ ಜ್ಯೂಸು, ಕೈಗೆ ಸಿಕ್ಕ ಖಾರ. ರಾತ್ರಿ ಅನ್ನ ಬೇಡ, ಹತ್ತೂವರೆಗೆ ಮಾತ್ರ ಬಿಸ್ಕೆಟ್ ಡಬ್ಬಿ ಖಾಲಿ. ಇಲ್ಲಿ ತಪ್ಪಿದ್ದು ಹೊತ್ತು. ಹಗಲೆಲ್ಲ ಕೂಡಿಟ್ಟ ಹಸಿವು ಸಂಜೆ ಬಡ್ಡಿ ಸಮೇತ ವಸೂಲಾಗುತ್ತಿದೆ.

ಹಾಗಾಗಿ ತಾಯಿಗೆ ಹೇಳಿದ್ದು ಎರಡೇ. ಬೆಳಿಗ್ಗೆ ಹದಿನೈದು ನಿಮಿಷ ಬೇಗ ಎಬ್ಬಿಸಿ ಪೂರ್ತಿ ತಿಂಡಿ ಕೊಡಿ, ಜೊತೆಗೆ ಮೊಟ್ಟೆಯೋ ಒಂದು ಲೋಟ ಹಾಲೋ ಇರಲಿ. ಇನ್ನು ಸಂಜೆ ಅವಳು ಬರುವ ಹೊತ್ತಿಗೆ ನಿಜವಾದ ತಿಂಡಿ ಟೇಬಲ್ ಮೇಲೆ ಇರಲಿ: ಕಾಯಿತುರಿ ಹಾಕಿದ ಅವಲಕ್ಕಿ, ಬೇಯಿಸಿದ ಶೇಂಗಾ, ಬಾಳೆಹಣ್ಣು, ಮಜ್ಜಿಗೆ. ಬಾಟಲಿಯ ಸಿಹಿ ಪಾನೀಯವನ್ನು ಮನೆಗೇ ತರಬೇಡಿ, ಇಡೀ ಪಟ್ಟಿಯಲ್ಲಿ ಮನೆಯವರೆಲ್ಲ ಬಿಡಬೇಕಾದದ್ದು ಅದೊಂದೇ. (ಮನೆಯ ಕೋಕಂ ಸಿರಪ್ಪಿಗೂ ಎಷ್ಟು ಸಕ್ಕರೆ ಸುರಿದಿದ್ದೇವೆ ಅನ್ನೋದು ನೆನಪಿರಲಿ.) ರಾತ್ರಿ ಅನ್ನ, ಸಾರು, ಪಲ್ಯ ಎಲ್ಲರ ಜೊತೆಗೇ. ಮೀನು ತಿನ್ನುವ ಮನೆಯಾದರೆ ಬಂಗಡೆ, ತಾರ್ಲೆಗಿಂತ ಇನ್ನೇನು ಬೇಕು? ತಿನ್ನದ ಮನೆಯಲ್ಲಿ ಬೇಳೆ, ಕಾಳು, ಮೊಸರು, ಸೊಪ್ಪಿನ ತಂಬುಳಿ. ಎಷ್ಟು ತಿನ್ನಬೇಕು ಅನ್ನುವುದನ್ನು ಅವಳ ಹೊಟ್ಟೆಗೇ ಬಿಡಿ. “ಸಾಕು, ಇನ್ನು ಹಾಕ್ಕೋಬೇಡ” ಅಂದ ದಿನವೇ ಕದ್ದು ತಿನ್ನುವುದು ಶುರುವಾಗುತ್ತದೆ.

ಓಡಾಟಕ್ಕೂ ತೂಕಕ್ಕೂ ಗಂಟು ಹಾಕಬೇಡಿ. “ಪಫ್ ತಿಂದೆ, ಈಗ ಓಡು” ಅಂದರೆ ಆಟವೂ ಶಿಕ್ಷೆ ಆಗುತ್ತದೆ. ದಿನಕ್ಕೆ ಒಂದು ಗಂಟೆ ಮೈ ಆಡಿದರೆ ಆಯಿತು, ಸೈಕಲ್ಲೋ ಥ್ರೋಬಾಲೋ ಅವಳೇ ಆರಿಸಲಿ. ನಮ್ಮ ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದ ದಿನ ಜಗುಲಿಯಲ್ಲಿ ಸ್ಕಿಪ್ಪಿಂಗ್, ಡಾನ್ಸು.

ತಕ್ಕಡಿಯನ್ನು ಅಟ್ಟದ ಮೇಲಿಡಿ. ಮೂರು ತಿಂಗಳಿಗೊಮ್ಮೆ ಎತ್ತರ, ತೂಕ ಎರಡನ್ನೂ ಬರೆದಿಟ್ಟರೆ ಸಾಕು.

ಡಾಕ್ಟರ ಹತ್ತಿರ ಹೋಗಬೇಕಾದ ಲಕ್ಷಣಗಳು ಎರಡೂ ಕಡೆ ಇವೆ. ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪ ಆಗಿದ್ದರೆ (ಅದು ಕೊಳೆ ಅಲ್ಲ, ಉಜ್ಜಬೇಡಿ), ನಿದ್ದೆಯಲ್ಲಿ ಗೊರಕೆ ಜಾಸ್ತಿ ಇದ್ದರೆ, ಚಾರ್ಟಿನ ಗೆರೆ ದಾಟಿ ಮೇಲೇರುತ್ತಿದ್ದರೆ ತೋರಿಸಿ. ಆಗಲೂ ಬೆಳೆಯುವ ಮಕ್ಕಳಲ್ಲಿ ಎಷ್ಟೋ ಸಲ ತೂಕ ಇಳಿಸುವ ಬದಲು ಇದ್ದಲ್ಲೇ ನಿಲ್ಲಿಸುತ್ತಾರೆ, ಎತ್ತರ ಬಂದು ಸರಿಹೋಗುತ್ತದೆ. ಇನ್ನೊಂದು ಕಡೆಯದ್ದಕ್ಕೆ ನಾನು ಜಾಸ್ತಿ ಹೆದರುತ್ತೇನೆ: ಬರುತ್ತಿದ್ದ ಮುಟ್ಟು ಮೂರು ತಿಂಗಳು ನಿಲ್ಲುವುದು, ತಲೆ ತಿರುಗುವುದು, ಸೆಕೆಯಲ್ಲೂ ಚಳಿ ಅನ್ನುವುದು, ಊಟವಾದ ಕೂಡಲೇ ಬಚ್ಚಲಿಗೆ ಓಡುವುದು, ಎಲ್ಲರ ಜೊತೆ ಉಣ್ಣದಿರಲು ನೆವ ಹೇಳುವುದು. ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ.

ಮತ್ತೆ ಆ ಆ್ಯಪ್. ಕಿತ್ತುಕೊಂಡರೆ ಗೆಳತಿಯ ಫೋನಿನಲ್ಲಿ ಹಾಕುತ್ತಾಳೆ. 147 ಮತ್ತು 154 ಅನ್ನು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ ತೋರಿಸಿ, ಆರು ಕಿಲೋ ಎಲ್ಲಿಗೆ ಹೋಯಿತು ನೋಡು ಅನ್ನಿ. ಮದುವೆಮನೆಯವರಿಗೆ ಏನು ಹೇಳುವುದು ಅಂತಲೂ ಕೇಳಿದ್ದೀರಿ. “ಬೆಳೀತಾ ಇದ್ದಾಳೆ ಅತ್ತೆ, ನೀವು ಪಾಯಸ ಬಡಿಸಿ” ಅಂತ ಅವಳೆದುರಿಗೇ ಹೇಳಿ.