ನದಿ ಕೆಲ್ವಿನ್, ಲಾರ್ಡ್ ಕೆಲ್ವಿನ್, ಚಿಕ್ಕ ಅಕ್ಷರದ ಕೆಲ್ವಿನ್

ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಲ್ಲಿ ಕೆಲ್ವಿನ್ ಅಂತ ಒಂದು ಚಿಕ್ಕ ನದಿ ಇದೆ. ಅಲ್ಲಿನ ವಿಶ್ವವಿದ್ಯಾಲಯದ ಪಕ್ಕದಲ್ಲೇ ಹರಿದು ಹೋಗಿ ಕ್ಲೈಡ್ ನದಿಯನ್ನು ಸೇರುತ್ತದೆ. ಆ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಥಾಮ್ಸನ್ ಎಂಬ ಭೌತವಿಜ್ಞಾನಿ ಅರ್ಧ ಶತಮಾನಕ್ಕಿಂತ ಜಾಸ್ತಿ ಪಾಠ ಹೇಳಿದರು. 1892ರಲ್ಲಿ ಬ್ರಿಟನ್ ಸರ್ಕಾರ ಅವರಿಗೆ ಲಾರ್ಡ್ ಪದವಿ ಕೊಟ್ಟಾಗ ಅವರು ಆ ನದಿಯ ಹೆಸರನ್ನೇ ಇಟ್ಟುಕೊಂಡು ಲಾರ್ಡ್ ಕೆಲ್ವಿನ್ ಆದರು. ಮುಂದೆ ಅವರ ಹೆಸರು ತಾಪಮಾನ ಅಳೆಯುವ ಏಕಮಾನಕ್ಕೆ ಬಂತು.

ಇಂಗ್ಲಿಷಿನಲ್ಲಿ ಬರೆಯುವಾಗ ನದಿಗೆ Kelvin, ಮನುಷ್ಯನಿಗೂ Kelvin, ಏಕಮಾನಕ್ಕೆ ಮಾತ್ರ kelvin. ಮೊದಲೆರಡಕ್ಕೆ ಕ್ಯಾಪಿಟಲ್, ಮೂರನೆಯದಕ್ಕೆ ಸ್ಮಾಲ್. ಅದೇ ಏಕಮಾನವನ್ನು ಒಂದೇ ಅಕ್ಷರದ ಸಂಕೇತದಲ್ಲಿ ಬರೆದರೆ ಮತ್ತೆ ಕ್ಯಾಪಿಟಲ್: 300 K. ನ್ಯೂಟನ್, ಪ್ಯಾಸ್ಕಲ್, ವ್ಯಾಟ್, ಜೌಲ್ ಎಲ್ಲರ ಕಥೆಯೂ ಇದೇ. ಹೆಸರು ಪೂರ್ತಿ ಬರೆದರೆ newton, ಸಂಕೇತ ಬರೆದರೆ N.

ವಿಜ್ಞಾನದ ಪಾಠಗಳ ಕರಡು ತಿದ್ದುವಾಗ ನನಗೆ ಜಾಸ್ತಿ ಎದುರಾಗುವ ತಪ್ಪು ಅಂದರೆ ಏಕಮಾನದ ಪೂರ್ತಿ ಹೆಸರಿಗೂ ಕ್ಯಾಪಿಟಲ್ ಹಾಕುವುದು. ಬರೆದವರದ್ದು ಅಜ್ಞಾನವೇನೂ ಅಲ್ಲ, ಗೌರವ. ಅಷ್ಟು ದೊಡ್ಡ ವಿಜ್ಞಾನಿಯ ಹೆಸರನ್ನು ಚಿಕ್ಕ ಅಕ್ಷರದಲ್ಲಿ ಬರೆಯೋದಾ ಅನ್ನೋ ಅಳುಕು. ಆದರೆ ಇದು ಮರ್ಯಾದೆಯ ಪ್ರಶ್ನೆಯಲ್ಲ, ವ್ಯಾಕರಣದ ಪ್ರಶ್ನೆ.

ವಿಜ್ಞಾನಿಗಳ ಹೆಸರು ಏಕಮಾನಗಳಿಗೆ ಬಂದದ್ದು ಹೇಗೆ ಅನ್ನುವುದನ್ನು ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಟೆಲಿಗ್ರಾಫ್ ಕೇಬಲ್ಲಿನಿಂದ ಶುರು ಮಾಡೋಣ. ಐರ್ಲೆಂಡಿನಿಂದ ಅಮೆರಿಕದ ಕಡೆಗೆ 1858ರಲ್ಲಿ ಮೊದಲ ಕೇಬಲ್ ಕೆಲಸ ಮಾಡಿತು. ವಿಕ್ಟೋರಿಯಾ ರಾಣಿಯ ಸುಮಾರು ನೂರು ಪದಗಳ ಸಂದೇಶ ಆಚೆ ದಡ ಮುಟ್ಟಲು ಹದಿನಾರು ಗಂಟೆ ಹಿಡಿಯಿತು. ಕೆಲವೇ ವಾರಗಳಲ್ಲಿ ಕೇಬಲ್ ಸತ್ತೇ ಹೋಯಿತು. ಸಂದೇಶ ಬೇಗ ಹೋಗಲಿ ಅಂತ ಅತಿಯಾದ ವೋಲ್ಟೇಜ್ ಹರಿಸಿದ್ದು ಅದರ ಸಾವಿಗೆ ಒಂದು ಕಾರಣ. ಈಗ ನಾವು ಸಲೀಸಾಗಿ 'ವೋಲ್ಟೇಜ್' ಅಂದುಬಿಡುತ್ತೇವೆ. ಆಗ ಅದನ್ನು ಹೇಳಲು ಎಲ್ಲರೂ ಒಪ್ಪಿದ ಪದವೇ ಇರಲಿಲ್ಲ. ತಂತಿಯ ರೋಧವನ್ನು ಒಬ್ಬರು ಇಂತಿಷ್ಟು ಮೈಲಿ ತಾಮ್ರದ ತಂತಿಗೆ ಸಮ ಅನ್ನುತ್ತಿದ್ದರು, ಇನ್ನೊಬ್ಬರು ಇಂತಿಷ್ಟು ಉದ್ದದ ಪಾದರಸದ ಕಂಬಕ್ಕೆ ಸಮ ಅನ್ನುತ್ತಿದ್ದರು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ.

ಆ ಕೇಬಲ್ಲಿಗಾಗಿ ದುಡಿದವರಲ್ಲಿ ಥಾಮ್ಸನ್ ಒಬ್ಬರು. ಎಂಜಿನಿಯರ್ ಚಾರ್ಲ್ಸ್ ಬ್ರೈಟ್ ಇನ್ನೊಬ್ಬರು. 1861ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನಿಗಳ ಸಂಘ ಸಭೆ ಸೇರಿದಾಗ ಬ್ರೈಟ್ ಮತ್ತು ಅವರ ಜೊತೆಗಾರ ಲ್ಯಾಟಿಮರ್ ಕ್ಲಾರ್ಕ್ ಒಂದು ಪ್ರಬಂಧ ಮಂಡಿಸಿದರು. ವಿದ್ಯುತ್ತಿನ ಅಳತೆಗಳಿಗೆ ಚಿಕ್ಕ, ಸುಲಭದ ಹೆಸರು ಇಡೋಣ, ಆ ಹೆಸರುಗಳನ್ನು ವಿಜ್ಞಾನಿಗಳಿಂದ ತೆಗೆದುಕೊಳ್ಳೋಣ ಅನ್ನುವುದು ಅವರ ಸಲಹೆ. ಅವರು ಕೊಟ್ಟ ಹೆಸರುಗಳು ನಾಲ್ಕು: ಓಮಾ, ಫ್ಯಾರಡ್, ಗ್ಯಾಲ್ವಟ್, ವೋಲ್ಟ್. ತಮಾಷೆ ಅಂದರೆ ಅವರ ಪಟ್ಟಿಯಲ್ಲಿ ವೋಲ್ಟ್ ಇದ್ದದ್ದು ರೋಧಕ್ಕೆ, ಓಮಾ ಇದ್ದದ್ದು ಈಗ ನಾವು ವೋಲ್ಟ್‌ನಲ್ಲಿ ಅಳೆಯುವುದಕ್ಕೆ. ಪೂರಾ ಉಲ್ಟಾ.

ಈ ಹೆಸರುಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ವಿಜ್ಞಾನಿಯ ಹೆಸರು ವೋಲ್ಟಾ, ಏಕಮಾನ ವೋಲ್ಟ್. ವಿಜ್ಞಾನಿ ಫ್ಯಾರಡೇ, ಏಕಮಾನ ಫ್ಯಾರಡ್. ಗ್ಯಾಲ್ವನಿಯಿಂದ ಗ್ಯಾಲ್ವಟ್. ಹೆಸರಿನ ಬಾಲ ಕತ್ತರಿಸಿದ್ದಾರೆ, ಇಲ್ಲವೇ ಹೊಸ ಬಾಲ ಅಂಟಿಸಿದ್ದಾರೆ. ಫ್ಯಾರಡೇ ಆಗಿನ್ನೂ ಬದುಕಿದ್ದರು! ಬರೀ ಸ್ಮಾರಕ ಕಟ್ಟುವ ಆಸೆ ಇದ್ದವರು ಹೀಗೆ ಹೆಸರನ್ನೇ ಕತ್ತರಿಸುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅಡಿ, ಇಂಚು, ಪೌಂಡ್ ಥರ ದಿನಾ ಬಳಸುವ ಪದ. ಹತ್ತು ಇಂಚು ಅಂದ ಹಾಗೆ ಹತ್ತು ವೋಲ್ಟ್ ಅನ್ನಬೇಕು, ಅಷ್ಟೇ. 1881ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಓಮ್, ವೋಲ್ಟ್, ಆಂಪಿಯರ್, ಕೂಲಂಬ್, ಫ್ಯಾರಡ್ ಈ ಐದನ್ನು ಒಪ್ಪಿಕೊಂಡಿತು. ಗ್ಯಾಲ್ವಟ್ ಬಿದ್ದುಹೋಗಿ ಅದರ ಜಾಗಕ್ಕೆ ಆಂಪಿಯರ್ ಬಂದಿತ್ತು.

ಇಲ್ಲಿ ನಮ್ಮ ಶಾಲೆಯ ವ್ಯಾಕರಣ ನೆನಪಿಸಿಕೊಂಡರೆ ಸಾಕು. ಊರು, ನದಿ, ಹುಡುಗ ಇವು ರೂಢನಾಮ. ಮೈಸೂರು, ಕಾವೇರಿ, ರಾಮ ಇವು ಅಂಕಿತನಾಮ. ಇಂಗ್ಲಿಷಿನಲ್ಲಿ ಕ್ಯಾಪಿಟಲ್ ಸಿಗುವುದು ಅಂಕಿತನಾಮಕ್ಕೆ. ವಿಜ್ಞಾನಿ ನ್ಯೂಟನ್ ಒಬ್ಬರೇ. ಆದರೆ ನ್ಯೂಟನ್ ಎಂಬ ಏಕಮಾನ ಎಷ್ಟು ಬೇಕಾದರೂ ಇರಬಹುದು. ಅರ್ಧ ಇರಬಹುದು, ಐದು ಸಾವಿರ ಇರಬಹುದು. ಎಣಿಸೋಕೆ ಆಗುತ್ತೆ, ಬಹುವಚನ ಮಾಡೋಕೂ ಆಗುತ್ತೆ: five newtons. ಅಂದರೆ ಅಂಕಿತನಾಮ ರೂಢನಾಮವಾಗಿ ಬದಲಾಗಿದೆ. ಹಾಗಾಗಿ ಚಿಕ್ಕ ಅಕ್ಷರ. Newton's laws, Ohm's law ಅನ್ನುವಾಗ ಅದು ಮನುಷ್ಯನದ್ದೇ ಹೆಸರು, ಅಲ್ಲಿ ಕ್ಯಾಪಿಟಲ್ ಉಳಿಯುತ್ತದೆ.

ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ, ನಮಗೆ ಈ ತಲೆನೋವು ಇಲ್ಲ ಅನ್ನಿಸಬಹುದು. ಆದರೆ ನಾವೂ ಈ ವ್ಯತ್ಯಾಸ ಮಾಡುತ್ತೇವೆ, ಬೇರೆ ಕಡೆ ಮಾಡುತ್ತೇವೆ. "ಕೆಲ್ವಿನ್ ತೀರಿಕೊಂಡರು" ಅನ್ನುತ್ತೇವೆ, "ಹತ್ತು ಕೆಲ್ವಿನ್ ಏರಿತು" ಅನ್ನುತ್ತೇವೆ. ಒಂದು ಕಡೆ ಕ್ರಿಯಾಪದದ ಕೊನೆಯಲ್ಲಿ ಮನುಷ್ಯನಿಗೆ ಕೊಡುವ ಗೌರವ, ಇನ್ನೊಂದು ಕಡೆ ಸೀದಾ ನಪುಂಸಕಲಿಂಗ. ಇಂಗ್ಲಿಷು ಪದದ ತಲೆಯಲ್ಲಿ ತೋರಿಸುವುದನ್ನು ಕನ್ನಡ ವಾಕ್ಯದ ಬಾಲದಲ್ಲಿ ತೋರಿಸುತ್ತದೆ. ಜರ್ಮನ್ ಭಾಷೆಯಲ್ಲಿ ಎಲ್ಲ ನಾಮಪದಗಳಿಗೂ ಕ್ಯಾಪಿಟಲ್ ಇರುವುದರಿಂದ ಅಲ್ಲಿ ಏಕಮಾನಕ್ಕೂ Newton ಅಂತಲೇ ಬರೆಯುತ್ತಾರೆ, ಅದು ತಪ್ಪಲ್ಲ. ಹೆಸರು ಆಯಾ ಭಾಷೆಯ ವ್ಯಾಕರಣಕ್ಕೆ ಬಿಟ್ಟದ್ದು.

ಸಂಕೇತ ಹಾಗಲ್ಲ. ಅದು ಯಾವ ಭಾಷೆಗೂ ಸೇರಿದ್ದಲ್ಲ. ಕನ್ನಡ ಪುಸ್ತಕದಲ್ಲೂ ಜಪಾನಿ ಪುಸ್ತಕದಲ್ಲೂ N ಅಂದರೆ N. ಅದಕ್ಕೇ ಅದರ ನಿಯಮವನ್ನು ಎಲ್ಲ ದೇಶಗಳೂ ಕೂತು ಮಾಡಬೇಕಾಯಿತು. ತೂಕ ಮತ್ತು ಅಳತೆಗಳ ಒಂಬತ್ತನೇ ಮಹಾಸಮ್ಮೇಳನ 1948ರಲ್ಲಿ ಅದನ್ನು ಬರೆದಿಟ್ಟಿತು: ಸಂಕೇತಗಳು ಸಾಮಾನ್ಯವಾಗಿ ಚಿಕ್ಕ ಅಕ್ಷರದಲ್ಲಿರಲಿ, ವ್ಯಕ್ತಿಯ ಹೆಸರಿನಿಂದ ಬಂದಿದ್ದರೆ ಕ್ಯಾಪಿಟಲ್ ಇರಲಿ, ಮುಂದೆ ಚುಕ್ಕಿ ಬೇಡ. ಎರಡು ಅಕ್ಷರದ ಸಂಕೇತವಾದರೆ ಮೊದಲನೆಯದು ಮಾತ್ರ ಕ್ಯಾಪಿಟಲ್: Pa, Hz, Wb. ಓಮ್‌ಗೆ O ಹಾಕಿದರೆ ಸೊನ್ನೆ ಅಂದುಕೊಳ್ಳುತ್ತಾರೆ ಅಂತ ಗ್ರೀಕಿನ ದೊಡ್ಡ ಒಮೆಗಾ Ω ಉಳಿಯಿತು. ಈ ನಿಯಮದಿಂದ ಅಕ್ಷರಗಳ ಬರವೂ ಸ್ವಲ್ಪ ನೀಗಿತು. s ಅಂದರೆ ಸೆಕೆಂಡ್, S ಅಂದರೆ ಸೀಮೆನ್ಸ್. h ಅಂದರೆ ಗಂಟೆ, H ಅಂದರೆ ಹೆನ್ರಿ. t ಟನ್, T ಟೆಸ್ಲಾ.

ಇದನ್ನು ಮರೆತರೆ ಏನಾಗುತ್ತದೆ ನೋಡಿ. ಮನೆಯ ಕರೆಂಟಿನ ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಗಂಟೆ. ಅದನ್ನು ಬರೆಯಬೇಕಾದದ್ದು kWh. ಸಾವಿರ ಅನ್ನುವ k ಚಿಕ್ಕದು, ಜೇಮ್ಸ್ ವ್ಯಾಟ್‌ನಿಂದ ಬಂದ W ದೊಡ್ಡದು, ಗಂಟೆಯ h ಚಿಕ್ಕದು. ಎಷ್ಟೋ ಕಡೆ KWH ಅಂತ ಎಲ್ಲವನ್ನೂ ದೊಡ್ಡದು ಮಾಡಿರುತ್ತಾರೆ. ನಿಯಮದ ಪ್ರಕಾರ ಓದಿದರೆ ಅದು ಕೆಲ್ವಿನ್ ವ್ಯಾಟ್ ಹೆನ್ರಿ! ಅಕ್ಕಿ ಮೂಟೆಯ ಮೇಲಿನ Kg ಕೂಡ ಹಾಗೇ, ಕೆಲ್ವಿನ್ ಗ್ರಾಂ ಆಗುತ್ತದೆ. ಅಂಗಡಿಯಲ್ಲಿ ಇದರಿಂದ ಯಾರಿಗೂ ಮೋಸ ಆಗುವುದಿಲ್ಲ, ಸರಿ. ಆದರೆ m ಮತ್ತು M ಅದಲು ಬದಲಾದರೆ ಹಾಗೆ ನಗುವಂತಿಲ್ಲ. 5 mW ಅಂದರೆ ಪುಟ್ಟ ಲೇಸರ್ ಪೆನ್ನು, 5 MW ಅಂದರೆ ಒಂದು ಸಣ್ಣ ವಿದ್ಯುತ್ ಸ್ಥಾವರ. ನಡುವೆ ನೂರು ಕೋಟಿ ಪಟ್ಟು ಅಂತರ.

ಈಗ ಮತ್ತೆ ಥಾಮ್ಸನ್ ಹತ್ತಿರ ಬರೋಣ. ಅವರು 1848ರಲ್ಲೇ, ಇನ್ನೂ ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಪರಮ ತಾಪಮಾನದ ಒಂದು ಮಾಪಕವನ್ನು ಮುಂದಿಟ್ಟಿದ್ದರು. ಅವರ ಹೆಸರು ಹೊತ್ತ ಏಕಮಾನ ಬಹಳ ಕಾಲ 'ಡಿಗ್ರಿ ಕೆಲ್ವಿನ್' ಆಗಿತ್ತು. ಇಂಗ್ಲಿಷಿನಲ್ಲಿ degree Kelvin, ಸಂಕೇತ °K. ಆಗ K ದೊಡ್ಡದೇ ಇತ್ತು, ಮತ್ತು ಅದು ಸರಿಯಾಗೇ ಇತ್ತು. ಯಾಕೆಂದರೆ ಅಲ್ಲಿ ಎಣಿಸುತ್ತಿದ್ದದ್ದು ಡಿಗ್ರಿಯನ್ನು. ಯಾವ ಡಿಗ್ರಿ ಅಂದರೆ ಕೆಲ್ವಿನ್ ಅವರದ್ದು. ಡಿಗ್ರಿ ರೂಢನಾಮ, ಕೆಲ್ವಿನ್ ಅದರ ಗುರುತು.

ತೊಂದರೆ ಏನೆಂದರೆ, ತಾಪಮಾನವನ್ನು ಹೇಳಲು °K ಇದ್ದರೆ, ಎರಡು ತಾಪಮಾನಗಳ ನಡುವಿನ ವ್ಯತ್ಯಾಸ ಹೇಳಲು deg ಅನ್ನುವ ಬೇರೆ ಸಂಕೇತವೂ ಚಾಲ್ತಿಯಲ್ಲಿತ್ತು. ಒಂದೇ ಏಕಮಾನಕ್ಕೆ ಎರಡು ವೇಷ. 1967ರಲ್ಲಿ ಸೇರಿದ ಹದಿಮೂರನೇ ಮಹಾಸಮ್ಮೇಳನ ಎರಡನ್ನೂ ತೆಗೆದುಹಾಕಿ, ಏಕಮಾನದ ಹೆಸರು ಬರೀ kelvin, ಸಂಕೇತ ಬರೀ K ಎಂದು ತೀರ್ಮಾನಿಸಿತು. ಡಿಗ್ರಿ ಎದ್ದು ಹೋದ ಮೇಲೆ ಅದರ ಖಾಲಿ ಜಾಗದಲ್ಲಿ ಕೆಲ್ವಿನ್ ಕೂರಬೇಕಾಯಿತು. ಇಷ್ಟು ದಿನ ಗುರುತಾಗಿದ್ದ ಪದ ಈಗ ತಾನೇ ಎಣಿಕೆಗೆ ಸಿಗುವ ವಸ್ತುವಾಯಿತು, ಅದರ K ಚಿಕ್ಕದಾಯಿತು. ಮನುಷ್ಯ ಏಕಮಾನವಾಗುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಕಂಡಿಲ್ಲ.

ಪಕ್ಕದ ಸೆಲ್ಸಿಯಸ್‌ಗೆ ಹೀಗಾಗಲಿಲ್ಲ. ಅವರ ಹಿಂದೆ ಡಿಗ್ರಿ ಹಾಗೇ ನಿಂತಿದೆ. ಅದಕ್ಕೇ ಇವತ್ತಿಗೂ degree Celsius, C ದೊಡ್ಡದು. ಬೆಂಗಳೂರಲ್ಲಿ 27 °C ಸೆಕೆ ಇದ್ದರೆ ಅದೇ 300.15 K. ಮೊದಲನೆಯದಕ್ಕೆ ಆ ಪುಟ್ಟ ಸೊನ್ನೆ ಬೇಕು, ಎರಡನೆಯದಕ್ಕೆ ಹಾಕಿದರೆ ತಪ್ಪು. ಪಾಠಗಳಲ್ಲಿ 'ಡಿಗ್ರಿ ಕೆಲ್ವಿನ್' ಅಂತ ಈಗಲೂ ಅಲ್ಲಲ್ಲಿ ಕಾಣುತ್ತದೆ. 1948ರಲ್ಲೇ ಕೈಬಿಟ್ಟ ಸೆಂಟಿಗ್ರೇಡ್ ನಮ್ಮ ಬಾಯಲ್ಲಿ ಉಳಿದಿಲ್ವಾ, ಹಾಗೆ.

ಈ ನಿಯಮವನ್ನು ಮುರಿದು ಒಳಗೆ ಬಂದದ್ದು ಲೀಟರ್. ಲೀಟರ್ ಅನ್ನೋ ವಿಜ್ಞಾನಿ ಯಾರೂ ಇಲ್ಲ, ಹಾಗಾಗಿ ಸಂಕೇತ ಚಿಕ್ಕ l ಆಗಿತ್ತು. ಆದರೆ ಅಚ್ಚಿನಲ್ಲಿ ಅದು ಒಂದು ಎಂಬ ಅಂಕಿಯ ಹಾಗೇ ಕಾಣುತ್ತದೆ. 1 l ಅಂತ ಬರೆದರೆ ಹನ್ನೊಂದು ಅಂತ ಓದುವ ಅಪಾಯ. ದೊಡ್ಡ L ಮಾಡೋಣ ಅಂದರೆ ಅದಕ್ಕೊಬ್ಬ ಮನುಷ್ಯ ಬೇಕಲ್ಲ? 1978ರ ಏಪ್ರಿಲ್ ತಿಂಗಳಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಕೆನೆತ್ ವೂಲ್ನರ್ ಆ ಮನುಷ್ಯನನ್ನು ಸೃಷ್ಟಿಸಿಬಿಟ್ಟರು. ರಸಾಯನಶಾಸ್ತ್ರದ ಮೇಷ್ಟ್ರುಗಳು ಓದುವ ಒಂದು ಪತ್ರಿಕೆಯಲ್ಲಿ ಕ್ಲೋದ್ ಎಮಿಲ್ ಜಾನ್ ಬಾಪ್ತಿಸ್ತ್ ಲಿತ್ರ್ ಎಂಬ ಹದಿನೆಂಟನೇ ಶತಮಾನದ ಫ್ರೆಂಚ್ ವಿಜ್ಞಾನಿಯ ಜೀವನಚರಿತ್ರೆ ಬರೆದರು. ಪೂರ್ತಿ ಏಪ್ರಿಲ್ ಫೂಲ್. ಆದರೆ ನಿಜ ಅಂತ ನಂಬಿದವರೂ ಇದ್ದರು. ಮರುವರ್ಷ, 1979ರಲ್ಲಿ, ಹದಿನಾರನೇ ಮಹಾಸಮ್ಮೇಳನ ಯಾವ ವಿಜ್ಞಾನಿಯ ಹಂಗೂ ಇಲ್ಲದೆ l ಮತ್ತು L ಎರಡಕ್ಕೂ ಒಪ್ಪಿಗೆ ಕೊಟ್ಟಿತು. ಹಾಲಿನ ಪ್ಯಾಕೆಟ್ಟಿನ ಮೇಲೆ ml ಇದ್ದರೂ ಸರಿ, mL ಇದ್ದರೂ ಸರಿ.