ತಡವಾದ ಜಿಎಸ್‌ಟಿಗೆ ಬಡ್ಡಿ: 19,973 ರೂಪಾಯಿಯೋ, 2,663 ರೂಪಾಯಿಯೋ?

2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯ ಒಬ್ಬ ಸಗಟು ವ್ಯಾಪಾರಿ ತೆರಿಗೆ ಇಲಾಖೆಯ ಒಂದು ಕಾಗದ ಹಿಡಿದು ನನ್ನ ಮುಂದೆ ಕೂತರು. ಪಿವಿಸಿ ಪೈಪು, ನಳದ ಸಾಮಾನು ಮಾರುವವರು. ಗದಗ, ಹಾವೇರಿ ಕಡೆಯ ಸಣ್ಣ ಅಂಗಡಿಗಳಿಗೆ ಇವರೇ ಮಾಲು ಕಳಿಸುತ್ತಾರೆ. ಕಾಗದದಲ್ಲಿ ಇದ್ದದ್ದು ಇಷ್ಟೇ: 2019ರ ಆಗಸ್ಟ್ ತಿಂಗಳ ತೆರಿಗೆ ತಡವಾಗಿ ಕಟ್ಟಿದ್ದೀರಿ, ಇನ್ನೂ 17,310 ರೂಪಾಯಿ ಬಡ್ಡಿ ಬಾಕಿ ಇದೆ.

"ಸಾಹೇಬ್ರ, ಬಡ್ಡಿ ಆಗಲೇ ಕಟ್ಟೇನಲ್ರಿ. ನಾ ಕೈಯಿಂದ ಕೊಟ್ಟಿದ್ದು ಒಂದು ಲಕ್ಷದ ಇಪ್ಪತ್ತು ಸಾವಿರ. ಇವ್ರು ಒಂಬತ್ತು ಲಕ್ಷಕ್ಕ ಬಡ್ಡಿ ಹಾಕ್ಯಾರ. ಇದು ಹೆಂಗ್ರಿ?" ಎಂದರು.

ಆ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲು ದೇಶಕ್ಕೆ ಸುಮಾರು ನಾಲ್ಕು ವರ್ಷ ಬೇಕಾಯಿತು. ಇವರ ಒಂದು ತಿಂಗಳ ಲೆಕ್ಕ ಹಿಡಿದುಕೊಂಡು ಹೋದರೆ ಇಡೀ ಕಥೆ ತಿಳಿಯುತ್ತದೆ.

ಆ ಆಗಸ್ಟ್ ನಮ್ಮ ಭಾಗದವರಿಗೆ ನೆನಪಿದೆ. ಮಳೆ, ನೆರೆ ಎರಡೂ ಒಟ್ಟಿಗೆ ಬಂದಿದ್ದವು. ಧಾರವಾಡ, ಗದಗ, ಹಾವೇರಿ ಸೇರಿ ನೆರೆ ಬಂದ ಜಿಲ್ಲೆಗಳಿಗೆ ಜುಲೈ ತಿಂಗಳ ರಿಟರ್ನ್ ಸಲ್ಲಿಸಲು ಸೆಪ್ಟೆಂಬರ್ 20ರ ತನಕ ಸಮಯ ಕೊಟ್ಟರು. ಒಳ್ಳೆಯದೇ ಆಯಿತು. ಆದರೆ ಆಗಸ್ಟ್ ತಿಂಗಳದ್ದಕ್ಕೂ ಅದೇ ಸೆಪ್ಟೆಂಬರ್ 20 ಕೊನೆಯ ದಿನ. ಎರಡು ತಿಂಗಳ ತೆರಿಗೆ ಒಂದೇ ದಿನ ಎದುರಿಗೆ ಬಂದು ನಿಂತಿತು. ಅತ್ತ ಹಳ್ಳಿ ಅಂಗಡಿಗಳಿಂದ ಉದ್ರಿ ವಸೂಲಿ ನಿಂತೇ ಹೋಗಿತ್ತು.

ಇವರು ಜುಲೈದು ಹೇಗೋ ತೀರಿಸಿದರು. ಆಗಸ್ಟ್ ಲೆಕ್ಕ ಹೀಗಿತ್ತು. ಮಾರಾಟದ ಮೇಲೆ ಕಟ್ಟಬೇಕಾದ ತೆರಿಗೆ 9,00,000 ರೂಪಾಯಿ. ಕಂಪನಿಗಳಿಂದ ಮಾಲು ತರುವಾಗ ಇವರು ಆಗಲೇ ಕೊಟ್ಟಿದ್ದ ತೆರಿಗೆ, ಅಂದರೆ ಇನ್‌ಪುಟ್ ಕ್ರೆಡಿಟ್, 7,80,000. ಅದನ್ನು ಕಳೆದರೆ ನಗದಾಗಿ ಕಟ್ಟಬೇಕಾದದ್ದು 1,20,000. ಅದರಲ್ಲಿ 80,000 ರೂಪಾಯಿಯನ್ನು ಕೊನೆಯ ದಿನದೊಳಗೆ ಚಲನ್ ಮಾಡಿ ಜಿಎಸ್‌ಟಿ ಪೋರ್ಟಲ್‌ನ ತಮ್ಮ ನಗದು ಖಾತೆಗೆ, ಅಂದರೆ ಕ್ಯಾಶ್ ಲೆಡ್ಜರ್‌ಗೆ ಹಾಕಿದ್ದರು. ಕಡಿಮೆ ಬಿದ್ದದ್ದು 40,000.

ಇಲ್ಲೇ ತೊಡಕು. ಪೋರ್ಟಲ್‌ನಲ್ಲಿ ತಿಂಗಳ ತೆರಿಗೆ ಲೆಕ್ಕದ 3ಬಿ ರಿಟರ್ನ್ ಸಲ್ಲಿಸಬೇಕಾದರೆ ಇಡೀ ತೆರಿಗೆ ತೀರಬೇಕು. ಎಂಬತ್ತು ಸಾವಿರ ಈಗ ತೆಗೆದುಕೊಳ್ಳಿ, ಉಳಿದದ್ದು ಆಮೇಲೆ ಕೊಡ್ತೀನಿ ಅಂದರೆ ನಡೆಯುವುದಿಲ್ಲ. ನಲವತ್ತು ಸಾವಿರ ಇಲ್ಲದ್ದಕ್ಕೆ 7,80,000ದ ಕ್ರೆಡಿಟ್ ಕೂಡ ಬಳಸಲಾಗದೆ ಹಾಗೇ ನಿಂತಿತು. ಕೊನೆಗೆ ರಿಟರ್ನ್ ಸಲ್ಲಿಸಿದ್ದು ನವೆಂಬರ್ 4ರಂದು. ತಡ ಎಣಿಸುವುದು ಕೊನೆಯ ದಿನದ ಮರುದಿನದಿಂದ. ಸೆಪ್ಟೆಂಬರ್‌ನಲ್ಲಿ 10 ದಿನ, ಅಕ್ಟೋಬರ್‌ನಲ್ಲಿ 31, ನವೆಂಬರ್‌ನಲ್ಲಿ 4. ಒಟ್ಟು 45 ದಿನ.

ಬಡ್ಡಿ ದರ ವರ್ಷಕ್ಕೆ ಶೇ 18. ಜಿಎಸ್‌ಟಿ ಶುರುವಾದ 2017ರ ಜುಲೈ 1ರಿಂದಲೂ ಅದೇ. ದರದ ಬಗ್ಗೆ ಯಾರೂ ತಕರಾರು ಮಾಡಿರಲಿಲ್ಲ. ತಕರಾರು ಇದ್ದದ್ದು ಯಾವ ಮೊತ್ತದ ಮೇಲೆ ಅನ್ನುವುದಕ್ಕೆ. ಒಂಬತ್ತು ಲಕ್ಷದ ಮೇಲೆ 45 ದಿನಕ್ಕೆ 19,973 ರೂಪಾಯಿ. ಒಂದು ಲಕ್ಷದ ಇಪ್ಪತ್ತು ಸಾವಿರದ ಮೇಲೆ 2,663. ನಮ್ಮ ವ್ಯಾಪಾರಿ 2,663 ಕಟ್ಟಿದ್ದರು. ಇಲಾಖೆ ವ್ಯತ್ಯಾಸ ಕೇಳಿತ್ತು.

ಕಾಯ್ದೆಯ 50ನೇ ಸೆಕ್ಷನ್ ಮೊದಲು ಬರೆದಾಗ ಇದನ್ನು ಬಿಡಿಸಿ ಹೇಳಿರಲಿಲ್ಲ. ತೆರಿಗೆ ಕಟ್ಟಲು ತಪ್ಪಿದವರು ಕಟ್ಟದೆ ಉಳಿದ ಅವಧಿಗೆ ಬಡ್ಡಿ ಕೊಡಬೇಕು ಎಂದಿತ್ತು, ಅಷ್ಟೆ. ಕ್ರೆಡಿಟ್‌ನಿಂದ ತೀರುವ ಭಾಗ 'ಕಟ್ಟದೆ ಉಳಿದದ್ದೋ' ಅಲ್ಲವೋ ಎನ್ನುವುದು ಬಾಯಿಬಿಟ್ಟು ಹೇಳದೇ ಹೋಯಿತು. 2018ರ ಡಿಸೆಂಬರ್ 22ರ ಸಭೆಯಲ್ಲಿ ಜಿಎಸ್‌ಟಿ ಕೌನ್ಸಿಲ್ ಇದನ್ನು ಒಪ್ಪಿಕೊಂಡಿತು. ಕ್ರೆಡಿಟ್ ಕಳೆದು ನಗದಾಗಿ ಕಟ್ಟುವ ಭಾಗಕ್ಕೆ ಮಾತ್ರ ಬಡ್ಡಿ ಇರಲಿ ಎಂದಿತು. ಆದರೆ ಕೌನ್ಸಿಲ್ ಒಪ್ಪಿದ ಮಾತ್ರಕ್ಕೆ ಕಾಯ್ದೆ ಬದಲಾಗುವುದಿಲ್ಲ.

ಆ ನಡುವೆ, 2019ರ ಏಪ್ರಿಲ್‌ನಲ್ಲಿ, ತೆಲಂಗಾಣ ಹೈಕೋರ್ಟ್ ಮೇಘಾ ಎಂಜಿನಿಯರಿಂಗ್ ಪ್ರಕರಣದಲ್ಲಿ ಇಲಾಖೆಯ ಪರ ತೀರ್ಪು ಕೊಟ್ಟಿತು. ರಿಟರ್ನ್ ಸಲ್ಲಿಸಿದ ಮೇಲೆಯೇ ಕ್ರೆಡಿಟ್ ನಿಮ್ಮ ಲೆಡ್ಜರ್‌ಗೆ ಬರುತ್ತದೆ. ಬಾರದ ಕ್ರೆಡಿಟ್‌ನಿಂದ ತೆರಿಗೆ ಕಟ್ಟಿದಂತಾಗುವುದಿಲ್ಲ. ಆದ್ದರಿಂದ ಅಷ್ಟು ದಿನ ಇಡೀ ತೆರಿಗೆಯೇ ಬಾಕಿ. ಇದು ಆ ತೀರ್ಪಿನ ತರ್ಕ. ಅಕ್ಷರ ಹಿಡಿದು ಓದಿದರೆ ಹೌದು ಅನಿಸುತ್ತದೆ. ಆದರೆ ಆ 7,80,000 ಆಗಲೇ ಮಾಲು ಮಾರಿದ ಕಂಪನಿಗಳ ಮೂಲಕ ಸರ್ಕಾರದ ಕೈಗೆ ಹೋಗಿರುವ ಹಣ, ಅಲ್ವಾ? ಸರ್ಕಾರಕ್ಕೆ ತಡವಾದದ್ದು ನಗದಿನ ಭಾಗ ಮಾತ್ರ. ಬಡ್ಡಿ ಅನ್ನುವುದು ತಡವಾದ ಹಣಕ್ಕೆ ಪರಿಹಾರವೇ ಹೊರತು ಶಿಕ್ಷೆಯಲ್ಲ. ತಡವಾಗಿ ಸಲ್ಲಿಸಿದ್ದಕ್ಕೆ ಲೇಟ್ ಫೀ ಬೇರೆ ಇದ್ದೇ ಇದೆ. 2020ರ ಜನವರಿ 6ರಂದು ಮದ್ರಾಸ್ ಹೈಕೋರ್ಟ್ ರೆಫೆಕ್ಸ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೆಚ್ಚುಕಮ್ಮಿ ಈ ದಾರಿಯಲ್ಲೇ ನಡೆದು ವ್ಯಾಪಾರಿಗಳ ಪರ ಹೇಳಿತು.

ಮದ್ರಾಸ್ ಕೋರ್ಟಿಗೆ ಆಧಾರವಾಗಿ ಇನ್ನೊಂದು ವಿಷಯವೂ ಇತ್ತು. 2019ರ ಬಜೆಟ್‌ನ ಹಣಕಾಸು ಕಾಯ್ದೆಯಲ್ಲಿ 50ನೇ ಸೆಕ್ಷನ್‌ಗೆ ಒಂದು ಉಪವಾಕ್ಯ ಸೇರಿಸಿದ್ದರು. ತಡವಾಗಿ ಸಲ್ಲಿಸಿದ ರಿಟರ್ನ್‌ನಲ್ಲಿ ತೋರಿಸಿದ ಆಯಾ ಅವಧಿಯ ತೆರಿಗೆಯಲ್ಲಿ, ಕ್ಯಾಶ್ ಲೆಡ್ಜರ್‌ನಿಂದ ಕಟ್ಟಿದ ಭಾಗಕ್ಕಷ್ಟೇ ಬಡ್ಡಿ ಎಂಬ ಮಾತು ಅದು. ಬರೆದದ್ದು ಸರಿಯಿತ್ತು. ಆದರೆ ಜಾರಿ ದಿನಾಂಕ ಹೊರಡಿಸಿರಲಿಲ್ಲ.

ಜಾರಿಯಾಗದ ಈ ಸಂದಿಯಲ್ಲೇ ನಮ್ಮ ಊರಿನವರಿಗೆ ಏಟು ಬಿದ್ದದ್ದು. 2020ರ ಫೆಬ್ರುವರಿ 10ರಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯಿಂದ ಅಧಿಕಾರಿಗಳಿಗೆ ಪತ್ರ ಹೋಯಿತು. ದೇಶದಲ್ಲಿ ಸುಮಾರು 46 ಸಾವಿರ ಕೋಟಿ ರೂಪಾಯಿ ಬಡ್ಡಿ ಬಾಕಿ ಇದೆ, ವಸೂಲಿ ಮಾಡಿ ಎಂದು. ಲೆಕ್ಕ ಹಾಕಿದ್ದು ಇಡೀ ತೆರಿಗೆಯ ಮೇಲೆ. ಆ ಎರಡು ವಾರ ನಮ್ಮ ಆಫೀಸಿಗೆ ಇಂಥದೇ ಕಾಗದ ಹಿಡಿದು ಬಂದವರು ಬಹಳ. ಕೆಲವರು ರಗಳೆ ಬೇಡ ಅಂತ ಸುಮ್ನೆ ಕಟ್ಟಿಬಿಟ್ಟರು. ಅದು ನನಗೆ ಈಗಲೂ ಬೇಸರದ ಸಂಗತಿ.

ಪೈಪಿನ ವ್ಯಾಪಾರಿ ಕಟ್ಟಲಿಲ್ಲ. ಮದ್ರಾಸ್ ತೀರ್ಪು ಕರ್ನಾಟಕದ ಅಧಿಕಾರಿಯನ್ನು ಕಟ್ಟಿಹಾಕುವುದಿಲ್ಲ ಎಂದು ಗೊತ್ತಿದ್ದೂ ಅದನ್ನೇ ಇಟ್ಟು ಉತ್ತರ ಬರೆದೆವು. ಜೊತೆಗೆ ತಿಂಗಳ ಲೆಕ್ಕ, ಚಲನ್ ಪ್ರತಿ, ಕಟ್ಟಿದ 2,663ರ ವಿವರ ಇಟ್ಟೆವು. ಮಾರ್ಚ್ 14ರಂದು ಕೌನ್ಸಿಲ್ ಮತ್ತೆ ಸೇರಿ, ನಗದು ಭಾಗಕ್ಕೆ ಮಾತ್ರ ಬಡ್ಡಿ, ಅದೂ 2017ರ ಜುಲೈ 1ರಿಂದಲೇ ಎಂದಿತು. ಆಮೇಲೆ ಲಾಕ್‌ಡೌನ್. ಆಗಸ್ಟ್ 25ರಂದು ಅಧಿಸೂಚನೆ ಬಂತು. ಓದಿದರೆ ಜಾರಿ 2020ರ ಸೆಪ್ಟೆಂಬರ್ 1ರಿಂದ! ಹಾಗಾದರೆ ಹಿಂದಿನ ಮೂರು ವರ್ಷದ ಗತಿ? ಎಲ್ಲ ಕಡೆ ಗದ್ದಲವಾಯಿತು. ಮರುದಿನವೇ ಮಂಡಳಿ ಸ್ಪಷ್ಟನೆ ಕೊಟ್ಟಿತು: ತಾಂತ್ರಿಕ ಕಾರಣಕ್ಕೆ ಹೀಗೆ ಹೊರಡಿಸಿದ್ದೇವೆ, ಹಿಂದಿನ ಅವಧಿಗೂ ಜಾಸ್ತಿ ವಸೂಲಿ ಮಾಡುವುದಿಲ್ಲ. ನಮ್ಮ ಫೈಲು ಅಲ್ಲಿಗೆ ತಣ್ಣಗಾಯಿತು. ಕಾಯ್ದೆಯಲ್ಲೇ ಇದು ಗಟ್ಟಿಯಾದದ್ದು 2021ರ ಹಣಕಾಸು ಕಾಯ್ದೆಯಿಂದ. 2021ರ ಜೂನ್ 1ರಂದು ಅದು ಜಾರಿಗೆ ಬಂದು, 2017ರ ಜುಲೈ 1ರಿಂದಲೇ ಅನ್ವಯವಾಯಿತು. ಲೆಕ್ಕ ಹಾಕುವ ಬಗೆ 2022ರ ಜುಲೈ 5ರಂದು 88ಬಿ ಎಂಬ ನಿಯಮವಾಗಿ ಬಂತು. ಅದೂ 2017ರಿಂದಲೇ ಅನ್ವಯ.

ಕ್ಯಾಶ್ ಲೆಡ್ಜರ್‌ನಲ್ಲಿ ಸುಮ್ಮನೆ ಬಿದ್ದಿದ್ದ ಆ 80,000 ರೂಪಾಯಿಯ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ಹಣ ಬ್ಯಾಂಕಿನಿಂದ ಹೋಗಿ ಸರ್ಕಾರದ ಖಾತೆ ಸೇರಿದೆ. ಆದರೂ ರಿಟರ್ನ್ ಸಲ್ಲಿಸಿ ಲೆಡ್ಜರ್‌ನಿಂದ ಕಡಿತವಾಗುವ ತನಕ ಕಟ್ಟಿದಂತಲ್ಲ ಎಂಬುದು ಇಲಾಖೆಯ ನಿಲುವು. ಅದಕ್ಕೇ 2,663ರಲ್ಲಿ ಆ ಎಂಬತ್ತು ಸಾವಿರದ ಬಡ್ಡಿಯೂ ಸೇರಿತ್ತು. 2024ರ ಜುಲೈ 10ರಂದು 88ಬಿ ನಿಯಮಕ್ಕೆ ಒಂದು ಸಾಲು ಸೇರಿಸಿದರು. ಕೊನೆಯ ದಿನ ಅಥವಾ ಅದಕ್ಕೂ ಮೊದಲು ಕ್ಯಾಶ್ ಲೆಡ್ಜರ್‌ಗೆ ಬಿದ್ದು, ಕಡಿತವಾಗುವ ದಿನದ ತನಕ ಅಲ್ಲೇ ಉಳಿದ ಹಣಕ್ಕೆ ಬಡ್ಡಿ ಇಲ್ಲ.

ಇದೇ ಸಂಗತಿ ಇವತ್ತು ನಡೆದಿದ್ದರೆ 40,000ಕ್ಕೆ 45 ದಿನದ ಬಡ್ಡಿ, 888 ರೂಪಾಯಿ. ದುಡ್ಡು ಕಡಿಮೆ ಬಿದ್ದರೂ ಇದ್ದಷ್ಟನ್ನು ಕೊನೆಯ ದಿನದೊಳಗೆ ಚಲನ್ ಮಾಡಿ ಹಾಕಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಹಾಕಿದ ಮೇಲೆ ಮುಟ್ಟಬಾರದು. ನಡುವೆ ಬೇರೆ ಬಾಕಿಗೆ ತೆಗೆದರೆ, ತೆಗೆದಷ್ಟಕ್ಕೆ ಈ ರಿಯಾಯಿತಿ ಹೋಗುತ್ತದೆ. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಐಜಿಎಸ್‌ಟಿ ಎಂದು ಸರಿಯಾದ ತಲೆಬರಹದಲ್ಲಿ, 'ತೆರಿಗೆ' ಎಂದೇ ಹಾಕಬೇಕು. ಅವಸರದಲ್ಲಿ ದಂಡದ ಅಥವಾ ಫೀಯ ಕಾಲಮಿನಲ್ಲಿ ಹಾಕಿದವರನ್ನು ನೋಡಿದ್ದೇನೆ.

ನಗದು ಭಾಗಕ್ಕಷ್ಟೇ ಬಡ್ಡಿ ಎಂಬುದಕ್ಕೂ ಮಿತಿ ಇದೆ. ಆಯಾ ತಿಂಗಳ ಮಾರಾಟವನ್ನು ಅದೇ ತಿಂಗಳ ರಿಟರ್ನ್‌ನಲ್ಲಿ ತೋರಿಸಿ, ಆ ರಿಟರ್ನ್ ತಡವಾದಾಗ ಮಾತ್ರ ಇದು ಸಿಗುತ್ತದೆ. ತೆರಿಗೆ ನಿರ್ಧಾರದ ನೋಟಿಸ್ ಬಂದು ಪ್ರಕ್ರಿಯೆ ಶುರುವಾದ ಮೇಲೆ ಸಲ್ಲಿಸಿದರೆ ಸಿಗುವುದಿಲ್ಲ. ಬಿಟ್ಟುಹೋದ ಬಿಲ್ಲನ್ನು ಮುಂದಿನ ತಿಂಗಳುಗಳಲ್ಲಿ ತೋರಿಸಿದರೂ ಸಿಗುವುದಿಲ್ಲ. ಜನ ಜಾಸ್ತಿ ಎಡವುವುದು ಈ ಎರಡನೆಯದರಲ್ಲಿ.

ನಮ್ಮ ವ್ಯಾಪಾರಿಗೂ 2023ರಲ್ಲಿ ಹಾಗೇ ಆಯಿತು. ಏಪ್ರಿಲ್‌ನ ಒಂದು ಬಿಲ್ಲು ಪುಸ್ತಕದಲ್ಲೇ ಉಳಿದುಬಿಟ್ಟಿತ್ತು. ತೆರಿಗೆ 18,000. ಜೂನ್ ತಿಂಗಳ ರಿಟರ್ನ್‌ನಲ್ಲಿ ಸೇರಿಸಿ ಜುಲೈ 20ರಂದು ಸಲ್ಲಿಸಿದೆವು. ಆ ರಿಟರ್ನ್ ತಡವಾಗಿರಲಿಲ್ಲ. 18,000 ಪೂರ್ತಿ ಕ್ರೆಡಿಟ್‌ನಿಂದಲೇ ತೀರಿತು. "ಹಂಗಾದ್ರ ಈ ಸಲ ಬಡ್ಡಿ ಸೊನ್ನೆ ಅಲ್ರೀ?" ಎಂದರು. ಅಲ್ಲ. 88ಬಿ ನಿಯಮದ ಎರಡನೇ ಭಾಗದ ಪ್ರಕಾರ ಇಡೀ 18,000ಕ್ಕೆ, ಮೇ 21ರಿಂದ ಜುಲೈ 20ರ ತನಕ 61 ದಿನಕ್ಕೆ ಬಡ್ಡಿ. ಆಗ ಪೋರ್ಟಲ್‌ಗೆ ಇದು ತಾನಾಗಿ ಗೊತ್ತಾಗುತ್ತಿರಲಿಲ್ಲ. ತೆರಿಗೆಯನ್ನು ತಿಂಗಳುವಾರು ಒಡೆದು ತೋರಿಸುವ ಜಾಗದಲ್ಲಿ 18,000 ಏಪ್ರಿಲ್‌ನದು ಎಂದು ನಾವೇ ತುಂಬಬೇಕಿತ್ತು. ತುಂಬಿದೆವು. ಬಡ್ಡಿಗೆ ಕ್ರೆಡಿಟ್ ಬಳಸುವಂತಿಲ್ಲ, ನಗದೇ ಬೇಕು. ಸಿಜಿಎಸ್‌ಟಿಗೆ 271, ಎಸ್‌ಜಿಎಸ್‌ಟಿಗೆ 271 ರೂಪಾಯಿಯ ಚಲನ್ ಮಾಡಿ ಕಟ್ಟಿದರು.